ಮೂಲಪ್ರತಿ ನೋಡದೆ ತಿದ್ದಿದ ಸಾಲು

ಸ್ಕೇಲಕ್ಕ ಎಂದು ಅವರಿಗೆ ಹೆಸರಿಟ್ಟವನು ನಾನೇ. ಅವರಿಗೆ ಆ ಹೆಸರು ಹಿಡಿಸಲಿಲ್ಲ, ಬೀದಿಗೆ ಹಿಡಿಸಿತು. ಬ್ಯಾಂಕಿನ ಗೋಡೆಗೆ ಅಂಟಿಕೊಂಡಿರುವ ನನ್ನ ಜೆರಾಕ್ಸ್ ಅಂಗಡಿಯ ಒಳಮೂಲೆಯಲ್ಲಿ ಒಂದು ಮರದ ಮೇಜು, ಒಂದು ಕುರ್ಚಿ, ಒಂದು ಕೆಂಪು ಪೆನ್ಸಿಲ್ಲು, ಅಂಕಿಗಳು ಅರ್ಧ ಸವೆದುಹೋದ ಒಂದಡಿಯ ಸ್ಟೀಲ್ ಸ್ಕೇಲು. ಇಷ್ಟೇ ಅವರ ಕಚೇರಿ. ಆರು ವರ್ಷ ಅಲ್ಲಿ ಕೂತು ಜನರ ಬ್ಯಾಂಕ್ ಸ್ಟೇಟ್‌ಮೆಂಟ್ ಓದಿದರು. ಈಗ ಆ ಕುರ್ಚಿಯ ಮೇಲೆ ನಾನು ಕಾಗದದ ಬಂಡಲುಗಳನ್ನು ಇಟ್ಟಿದ್ದೇನೆ.

ಅದಕ್ಕೂ ಮೊದಲು ಮೂವತ್ತೊಂದು ವರ್ಷ ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿದ್ದರು. ಮದುವೆ ಆಗಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, ಬಂದ ಗಂಡುಗಳಲ್ಲೆಲ್ಲ ತಪ್ಪು ಕಾಣುತ್ತಿತ್ತು, ಏನು ಮಾಡೋದು ಎಂದು ನಕ್ಕಿದ್ದರು. ಮುದ್ರಣಾಲಯ ಮುಚ್ಚಿದಾಗ ಮಾಲೀಕರು ಕೊಟ್ಟ ಲೆಕ್ಕ ಚುಕ್ತಾದ ಹಣವನ್ನು ಹೊಸ ಖಾತೆಯಲ್ಲಿಟ್ಟು, ಅಕ್ಕ ಮೂರು ವರ್ಷ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದು ದಿನ ಕಣ್ಣಿನ ಆಪರೇಷನ್ನಿಗೆ ಬೇಕೆಂದು ನೋಡಿದರೆ ಮೂರು ಸಾವಿರದ ಚಿಲ್ಲರೆ ಕಡಿಮೆ. ನನ್ನ ಅಂಗಡಿಗೆ ಬಂದು ಮೂರೂ ವರ್ಷದ ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಸಿದರು. ಅಲ್ಲಿಯೇ ನಿಂತು, ಕೈಚೀಲದಿಂದ ಸ್ಕೇಲು ತೆಗೆದು, ಸಾಲು ಸಾಲಾಗಿ ಓದಿದರು.

ಸಿಕ್ಕಿದ್ದು ಇದು. ಖಾತೆ ತೆರೆಯುವಾಗ ಇವರನ್ನು ಸಾದಾ ಖಾತೆಗೆ ಹಾಕದೆ ಯಾವುದೋ ವಿಶೇಷ ಖಾತೆಗೆ ಹಾಕಿದ್ದರು. ಅದಕ್ಕೆ ತಿಂಗಳಿಗೆ ಎಪ್ಪತ್ತೈದು ಶುಲ್ಕ, ಅದರ ಮೇಲಿನ ತೆರಿಗೆ ಇನ್ನೊಂದು ಸಾಲಿನಲ್ಲಿ. ಅಕ್ಕ ಎಂದೂ ಪಡೆಯದ ಕಾರ್ಡಿಗೆ ವರ್ಷಕ್ಕೊಂದು ಶುಲ್ಕ. ಒಂದೊಂದೂ ಸೊಳ್ಳೆ ಕಚ್ಚಿದಷ್ಟು. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರಲ್ಲ, ಹಳ್ಳ ಹರಿದದ್ದು ಮಾತ್ರ ಆಚೆ ದಿಕ್ಕಿಗೆ. ಅಕ್ಕ ಪತ್ರ ಬರೆದರು, ಎರಡು ತಿಂಗಳು ಅಲೆದರು, ಹಣ ವಾಪಸ್ ಪಡೆದರು. ಅದನ್ನು ಕೇಳಿ ಪಕ್ಕದ ಟೈಲರ್ ತನ್ನ ಸ್ಟೇಟ್‌ಮೆಂಟ್ ತಂದ. ಆಮೇಲೆ ಅವನ ಅತ್ತಿಗೆ. ಆಮೇಲೆ ಸಾಲೇ ನಿಂತಿತು.

ಅವರು ಓದುವ ರೀತಿ ನೋಡಬೇಕಿತ್ತು. ಮೊದಲು ತಿಂಗಳ ಆರಂಭದ ಶಿಲ್ಕಿಗೆ ಬಂದದ್ದನ್ನೆಲ್ಲ ಕೂಡಿ, ಹೋದದ್ದನ್ನೆಲ್ಲ ಕಳೆದು, ಕೊನೆಯ ಶಿಲ್ಕು ಸರಿಹೊಂದುತ್ತದೋ ನೋಡುವರು. ಆಮೇಲೆ ಸ್ಕೇಲನ್ನು ಮೊದಲ ಸಾಲಿನ ಕೆಳಗೆ ಇಡುವರು. ಸ್ಕೇಲಿನಿಂದ ಕೆಳಗೆ ಲೋಕವೇ ಇಲ್ಲ. ಈ ಸಾಲು ನಿಮಗೆ ಗೊತ್ತಾ ಎಂದು ಕೇಳುವರು. ಗೊತ್ತು ಎಂದರೆ ಟಿಕ್ಕು, ಇಲ್ಲ ಎಂದರೆ ಕೆಂಪು ಗೆರೆ. ಜನ ದೊಡ್ಡ ಮೊತ್ತವನ್ನು ಮಾತ್ರ ನೋಡುತ್ತಾರೆ, ಕಳ್ಳ ಸಣ್ಣ ಮೊತ್ತದಲ್ಲಿ ಕೂತಿರುತ್ತಾನೆ ಎನ್ನುವುದು ಅವರ ಮಾತು. ಒಂದೇ ಅಂಗಡಿ, ಒಂದೇ ದಿನ, ಒಂದೇ ಮೊತ್ತ ಎರಡು ಸಲ ಕಂಡರೆ ಕೂಡಲೇ ಕೂಗಾಡುತ್ತಿರಲಿಲ್ಲ. ವ್ಯವಹಾರದ ಸಂಖ್ಯೆ ಎರಡೂ ಬೇರೆಯೋ ನೋಡುವರು, ಆಮೇಲಿನ ಹತ್ತು ದಿನದ ಸಾಲುಗಳಲ್ಲಿ ಒಂದು ಮೊತ್ತ ತಾನಾಗಿ ವಾಪಸ್ ಬಂದಿದೆಯೋ ಹುಡುಕುವರು, ಇವರು ನಿಜವಾಗಿಯೂ ಎರಡು ಸಲ ಕೊಂಡಿಲ್ಲವೇ ಎಂದು ಎರಡೆರಡು ಬಾರಿ ಕೇಳುವರು. ಬ್ಯಾಂಕಿನ ಬೋರ್ಡಿನಲ್ಲಿ ಹಾಕಿದ ಶುಲ್ಕವಾದರೆ, ಇದು ನ್ಯಾಯವಾದದ್ದು, ಕೊಡಲೇಬೇಕು ಎಂದು ಬೈದು ಕಳಿಸುವರು. ಏಟಿಎಮ್ಮಿಗೆ ದಿನಾ ಹೋಗಿ ನೂರು ನೂರು ತೆಗೆದು, ಉಚಿತ ಸಂಖ್ಯೆ ಮೀರಿದ ಮೇಲೆ ದಂಡ ಬಿತ್ತೆಂದು ಅಳುವವರಿಗೆ ಅವರಲ್ಲಿ ಕರುಣೆ ಇರಲಿಲ್ಲ.

ಬ್ಯಾಂಕಿನ ಮ್ಯಾನೇಜರ್ ಅವರನ್ನು ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದು ನಾನು ಗೇಲಿ ಮಾಡುತ್ತಿದ್ದೆ. ಅಕ್ಕನಿಗೆ ಅದು ಇಷ್ಟವಿರಲಿಲ್ಲ. ಆ ಮನುಷ್ಯ ಕಳ್ಳನಲ್ಲ, ಮೇಲಿನಿಂದ ಬಂದ ಪಟ್ಟಿಯಂತೆ ಗುಂಡಿ ಒತ್ತುತ್ತಾನೆ, ಅಷ್ಟೇ ಎನ್ನುತ್ತಿದ್ದರು.

ಪತ್ರ ಟೈಪ್ ಮಾಡುತ್ತಿದ್ದವನು ನಾನು. ನಮ್ಮ ಪತ್ರದಲ್ಲಿ ಎರಡು ಭಾಗ ಇರುತ್ತಿತ್ತು. ಈ ಕಡಿತಕ್ಕೆ ನಾನು ಒಪ್ಪಿಗೆ ಕೊಟ್ಟ ಕಾಗದವಿದ್ದರೆ ಅದರ ಪ್ರತಿ ತೋರಿಸಿ ಎನ್ನುವುದು ಮೊದಲ ಭಾಗ. ಅಂಥ ಕಾಗದ ಇಲ್ಲದಿದ್ದರೆ ಕಡಿತ ನಿಲ್ಲಿಸಿ, ಹಣ ಮರಳಿಸಿ ಎನ್ನುವುದು ಎರಡನೆಯದು. ಅಕ್ಕ ಮುದ್ರಣಾಲಯದಲ್ಲಿ ಕಲಿತದ್ದು ಅದು. ಲೇಖಕ ಬರೆದ ಮೂಲಪ್ರತಿ ನೋಡದೆ ಕರಡಿನ ಮೇಲೆ ಒಂದು ಅಕ್ಷರವನ್ನೂ ಮುಟ್ಟಬಾರದು. ನಿನಗೆ ತಪ್ಪೆಂದು ಕಂಡದ್ದು ಅವನು ಬೇಕೆಂದೇ ಬರೆದದ್ದಿರಬಹುದು.

ಆದರೆ ಆ ಮೊದಲ ಭಾಗದಿಂದ ನನಗೆ ತಲೆನೋವು. ಒಪ್ಪಿಗೆ ಕಾಗದಗಳೆಲ್ಲ ಬೇರೆ ಊರಿನ ಗೋದಾಮಿನಲ್ಲಿ ಇರುತ್ತವಂತೆ, ತರಿಸಲು ತಿಂಗಳು ಬೇಕಂತೆ. ಜನ ದಿನಾ ನನ್ನ ಅಂಗಡಿಗೆ ಬಂದು ನನ್ನನ್ನೇ ಹಿಡಿಯುತ್ತಿದ್ದರು. ಒಂದು ಸಲ ಆ ಭಾಗವನ್ನು ಟೈಪ್ ಮಾಡಲು ಮರೆತೇ ಬಿಟ್ಟೆ. ನಾಲ್ಕೇ ದಿನದಲ್ಲಿ ಹಣ ಬಂತು. ಬ್ಯಾಂಕಿಗೂ ಹಾಯೆನಿಸಿತ್ತು, ಹುಡುಕುವ ತಾಪತ್ರಯವಿಲ್ಲ, ಸ್ಕೇಲಕ್ಕನ ಪತ್ರ ಬಂದರೆ ಹಣ ಹಾಕಿ ಕಡತ ಮುಚ್ಚಿ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರಂತೆ. ನಾನು ಅಕ್ಕನ ಬೆನ್ನು ಬಿದ್ದೆ. ಅದೊಂದು ಸಾಲು ತೆಗೆದುಬಿಡೋಣ, ಜನಕ್ಕೆ ಬೇಗ ದುಡ್ಡು ಸಿಗುತ್ತದೆ ಎಂದು ವಾರಗಟ್ಟಲೆ ತಲೆ ತಿಂದೆ.

"ಮೂಲ ನೋಡದೆ ತಿದ್ದೋದು ತಪ್ಪಪ್ಪಾ," ಎಂದರು ಅಕ್ಕ.

"ಇದೇನು ಪುಸ್ತಕಾನಾ ಅಕ್ಕಾ? ಜನರ ಅನ್ನ. ಒಂದು ತಿಂಗಳು ಕಾಯೋಕೆ ಅವರಿಗೇನು ನಿಮ್ಮ ಹಾಗೆ ಪುರುಸೊತ್ತಿದೆಯಾ?"

ಆ ಮಾತು ಅವರಿಗೆ ನಾಟಿತು. ನಾಟಲಿ ಎಂದೇ ಆಡಿದ್ದೆ. ಅವರು ಸ್ವಲ್ಪ ಹೊತ್ತು ಸ್ಕೇಲನ್ನು ಸೆರಗಿನಿಂದ ಒರೆಸಿ, ನಿನಗೆ ತಿಳಿದ ಹಾಗೆ ಮಾಡು ಎಂದರು. ಆ ದಿನದಿಂದ ನಮ್ಮ ಪತ್ರ ಅರ್ಧ ಪುಟಕ್ಕೆ ಇಳಿಯಿತು. ನನಗೆ ಗೆದ್ದ ಖುಷಿ.

ಪೇಂಟರ್ ಹೆಂಡತಿ ಬಂದದ್ದು ಅದಾಗಿ ಏಳೆಂಟು ತಿಂಗಳಿಗೆ. ಅವಳ ಗಂಡ ಎತ್ತರದ ಕಟ್ಟಡಗಳ ಹೊರಗೋಡೆಗೆ, ಹಗ್ಗಕ್ಕೆ ಜೋತುಬಿದ್ದು ಬಣ್ಣ ಬಳಿಯುವವನು. ಇವಳು ಎರಡು ಕಚೇರಿಗಳಲ್ಲಿ ನೆಲ ಒರೆಸುವವಳು. ಹದಿಮೂರು, ಒಂಬತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳು. ಖಾತೆ ಗಂಡನ ಹೆಸರಿನಲ್ಲಿ. ದುಡ್ಡು ನಿಲ್ಲುತ್ತಿಲ್ಲ ಅಕ್ಕಾ, ಇವರು ಎಲ್ಲೋ ಹಾಳುಮಾಡುತ್ತಿದ್ದಾರಾ ನೋಡಿ ಎಂದು ಒಂದು ವರ್ಷದ ಸ್ಟೇಟ್‌ಮೆಂಟ್ ಮುಂದಿಟ್ಟಳು. ಗಂಡನ ಮೇಲಿನ ಅನುಮಾನ ಪಾಪ, ಬ್ಯಾಂಕಿನ ಮೇಲಲ್ಲ.

ಸ್ಕೇಲು ಇಳಿಯತೊಡಗಿತು. ಮೊಬೈಲ್ ಸಂದೇಶದ ಶುಲ್ಕ, ಮೂರು ತಿಂಗಳಿಗೊಮ್ಮೆ ಹದಿನೈದು. ಬೋರ್ಡಿನಲ್ಲಿದೆ, ಟಿಕ್ಕು. ಒಂದು ಚಪ್ಪಲಿ ಅಂಗಡಿಯಲ್ಲಿ ಆರುನೂರ ನಲವತ್ತು, ಮತ್ತೆ ಆರುನೂರ ನಲವತ್ತು. ಒಂದೇ ದಿನ, ಸಂಖ್ಯೆ ಬೇರೆ ಬೇರೆ, ಮುಂದೆ ಎಲ್ಲೂ ವಾಪಸ್ ಬಂದಿಲ್ಲ. ಒಂದೇ ಜೊತೆ ಚಪ್ಪಲಿ ತಂದದ್ದು, ಮೊದಲ ಸಲ ಯಂತ್ರ ಕೆಲಸ ಮಾಡಲಿಲ್ಲ ಎಂದು ಅಂಗಡಿಯವನು ಎರಡನೇ ಸಲ ಕಾರ್ಡ್ ಹಾಕಿಸಿಕೊಂಡ ಎಂದಳು. ಕೆಂಪು ಗೆರೆ ಬಿತ್ತು. ಗಂಡನ ಮೇಲಿದ್ದ ಅನುಮಾನ ಹೋಗಿ ಅವಳ ಮುಖ ಅರಳಿತು. ಕೊನೆಯ ಪುಟದಲ್ಲಿ ನಾನೂರ ಎಂಬತ್ತು ಸಿಕ್ಕಿತು. ಮುಂದೆ ನಾಲ್ಕೈದು ಅಕ್ಷರಗಳ ಒಂದು ಸಂಕೇತ, ಕೊನೆಗೆ ಆಟೊ, ಅಂದರೆ ತಾನಾಗಿ ಕಡಿದದ್ದು, ಎಂದಿತ್ತು. ಹೋದ ವರ್ಷ ಖಾತೆ ತೆರೆದ ವಾರದಲ್ಲೂ ಅದೇ ಸಂಕೇತ, ಅದೇ ಮೊತ್ತ.

ವಿಮೆಯ ಕಂತಿನ ಹಾಗಿದೆ ಎಂದು ಅಕ್ಕ ಅಂದರು. ಇದನ್ನು ನಾನು ಮರೆಯುವ ಹಾಗಿಲ್ಲ. ಹಾಗೆ ಅಂದು, ಗಂಡನಿಗೆ ಫೋನ್ ಮಾಡಿ ಕೇಳು ಎಂದರು. ಅವನು ಎಷ್ಟನೇ ಮಹಡಿಯಲ್ಲಿ ತೂಗಾಡುತ್ತಿದ್ದನೋ, ಗಾಳಿಯ ಸದ್ದಿನಲ್ಲಿ, ನಾನು ಯಾವ ವಿಮೆಗೂ ಸೈನ್ ಹಾಕಿಲ್ಲ, ಅವರೇ ಹಿಡಿದಿರಬೇಕು ಎಂದು ಕೂಗಿ ಹೇಳಿದ. ಕೇಳದೆ ವಿಮೆ ತಗುಲಿಸಿದ ಹತ್ತಾರು ಪ್ರಕರಣ ನಾವು ಕಂಡಿದ್ದೆವು. ನಾನು ಆಗಲೇ ಟೈಪ್ ಮಾಡಲು ಕೂತಾಗಿತ್ತು. ನನ್ನ ಒಪ್ಪಿಗೆ ಇಲ್ಲದೆ ಕಡಿದಿದ್ದೀರಿ, ಇದನ್ನು ರದ್ದುಮಾಡಿ ಹಣ ಮರಳಿಸಿ, ಇಷ್ಟೇ ಪತ್ರ. ಅವಳು ಪತ್ರವನ್ನು ಮನೆಗೆ ಒಯ್ದು, ಅವನ ಸೈನ್ ಹಾಕಿಸಿ ಮರುದಿನ ಬ್ಯಾಂಕಿಗೆ ಕೊಟ್ಟಳು.

ಐದನೇ ದಿನ ನಾನೂರ ಎಂಬತ್ತು ಬಂತು. ಚಪ್ಪಲಿಯ ಆರುನೂರ ನಲವತ್ತು ಹದಿನೈದು ದಿನಕ್ಕೆ ಬಂತು. ಹೋದ ವರ್ಷದ ನಾನೂರ ಎಂಬತ್ತು ಮಾತ್ರ ಕೊಡಲಾಗದು, ಅದರ ಅವಧಿ ಮುಗಿದಿದೆ ಎಂದು ಬ್ಯಾಂಕಿನವರು ಹೇಳಿದರು. ಯಾವುದರ ಅವಧಿ ಎಂದು ಯಾರೂ ಕೇಳಲಿಲ್ಲ. ಅವಳು ನಮ್ಮಿಬ್ಬರಿಗೂ ಚಹಾ ತರಿಸಿದಳು. ಅಕ್ಕ ಯಾರು ಕೊಡಿಸಿದ ಚಹಾವನ್ನೂ ಕುಡಿಯುವವರಲ್ಲ, ಆ ದಿನ ಕುಡಿದರು.

ನಾಲ್ಕು ತಿಂಗಳ ಮೇಲೆ ಪೇಂಟರ್ ಬಿದ್ದ. ಹಗ್ಗದ ಕೊಕ್ಕೆ ಬಿಟ್ಟುಕೊಂಡಿತಂತೆ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಇರಲಿಲ್ಲ. ಸುದ್ದಿ ಕೇಳಿ ನನಗೆ ಸಂಕಟವಾಯಿತು, ನಿಜ. ಆದರೆ ಆ ನಾನೂರ ಎಂಬತ್ತು ನನ್ನ ನೆನಪಿಗೇ ಬರಲಿಲ್ಲ. ಅಕ್ಕನಿಗೆ ಬಂದಿತ್ತು. ಅಂದಿನಿಂದ ಅವರು ಯಾರ ಕಾಗದ ಓದುವಾಗಲೂ ಬಾಗಿಲ ಕಡೆ ನೋಡುತ್ತಿದ್ದರು.

ಹದಿನೈದು ದಿನ ಕಳೆದು ಅವಳು ಬಂದಳು. ಮುಖದಲ್ಲಿ ಅಳು ಬತ್ತಿ ಒಂದು ಬಗೆಯ ಅವಸರ ಇತ್ತು. ಕಂಟ್ರಾಕ್ಟರ್ ಹೇಳಿದನಂತೆ: ಹೋದ ವರ್ಷ ಕೆಲಸದ ಜಾಗಕ್ಕೇ ಬ್ಯಾಂಕಿನವರನ್ನು ಕರೆಸಿ ಎಲ್ಲರಿಗೂ ಖಾತೆ ಮಾಡಿಸಿದ್ದೆ, ಅದರ ಜೊತೆ ಅಪಘಾತದ ವಿಮೆಗೂ ಎಲ್ಲರಿಂದ ಸೈನ್ ಹಾಕಿಸಿದ್ದೆ, ಸತ್ತರೆ ಮನೆಯವರಿಗೆ ಎರಡು ಲಕ್ಷ ಬರುತ್ತದೆ, ಕಡಿತದ ಸಾಲು ತೋರಿಸಿ ಅರ್ಜಿ ಹಾಕು ಎಂದು. ಹೊಸ ಸ್ಟೇಟ್‌ಮೆಂಟನ್ನು ಅವಳು ಮೇಜಿನ ಮೇಲೆ ಹರವಿದಳು.

"ಆ ಸಾಲು ಎಲ್ಲಿದೆ ಹುಡುಕಿಕೊಡಿ ಅಕ್ಕಾ. ಮನೆ ಓನರು ಮೂರು ತಿಂಗಳ ಬಾಡಿಗೆ ಕೇಳ್ತಿದ್ದಾರೆ. ದೊಡ್ಡವಳನ್ನ ಸ್ಕೂಲು ಬಿಡಿಸಬೇಕೋ ಏನೋ ಅಂತಿದ್ದೆ. ಇದು ಬಂದ್ರೆ ಸಾಕು."

ಅಕ್ಕನಿಗೆ ಆ ಸಾಲು ಎಲ್ಲಿದೆ ಎಂದು ಗೊತ್ತಿತ್ತು. ಆದರೂ ಸ್ಕೇಲನ್ನು ಮೊದಲ ಸಾಲಿನ ಕೆಳಗೇ ಇಟ್ಟು ಒಂದೊಂದಾಗಿ ಇಳಿಸಿದರು. ಅಷ್ಟು ನಿಧಾನವಾಗಿ ಅವರು ಓದಿದ್ದನ್ನು ನಾನು ಕಂಡಿರಲಿಲ್ಲ. ಕಡಿತದ ಸಾಲು ಬಂತು. ಅದರಿಂದ ಆರು ಸಾಲು ಕೆಳಗೆ, ಅದೇ ಮೊತ್ತ, ಜಮೆಯ ಬದಿಯಲ್ಲಿ. ಹೊಸ ಪ್ರಿಂಟು ನೋಡಿ, ಅದರ ಮುಂದೆ ಅಕ್ಕನ ಟಿಕ್ಕಾಗಲಿ ಕೆಂಪು ಗೆರೆಯಾಗಲಿ ಇರಲಿಲ್ಲ. ಅಕ್ಕ ಕೈ ಎತ್ತಿ ಸ್ಕೇಲನ್ನು ಪಕ್ಕಕ್ಕಿಟ್ಟರು.

"ಇದನ್ನ ನಾವು ವಾಪಸ್ ತಗೊಂಡ್ವಲ್ಲಮ್ಮಾ," ಎಂದರು.

ಮೂವರೂ ಬ್ಯಾಂಕಿಗೆ ಹೋದೆವು. ಕಡತ ನಾನು ಹಿಡಿದಿದ್ದೆ. ಮ್ಯಾನೇಜರ್ ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ. ಕುರ್ಚಿ ಹಾಕಿಸಿದರು, ಗೋದಾಮಿಗೆ ಹೇಳಿ ಮೂಲ ಅರ್ಜಿಯನ್ನು ತರಿಸಿದರು, ಅದು ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಇಪ್ಪತ್ತೆರಡೇ ದಿನ. ಅದು ಬಂದ ಮೇಲೆ ಮೂವರೂ ಮತ್ತೆ ಹೋದೆವು. ಅರ್ಜಿಯಲ್ಲಿ ಹನ್ನೊಂದು ಕಡೆ ಪೇಂಟರ್ ಸೈನ್ ಹಾಕಿದ್ದ, ಒಂಬತ್ತನೆಯದು ಅಪಘಾತ ವಿಮೆಗೆ, ವರ್ಷ ವರ್ಷ ತಾನಾಗಿ ಕಡಿಯಲು ಒಪ್ಪಿಗೆಯೂ ಅದರಲ್ಲೇ ಇತ್ತು. ಬಣ್ಣ ಮೆತ್ತಿದ ಬೆರಳಿನ ಗುರುತು ಕಾಗದದ ಅಂಚಿನಲ್ಲಿ ಹಾಗೇ ಇತ್ತು. ಅದರ ಪಕ್ಕದಲ್ಲಿ ಮ್ಯಾನೇಜರ್ ನಮ್ಮ ಅರ್ಧ ಪುಟದ ಪತ್ರವನ್ನು ಇಟ್ಟರು. ಅಲ್ಲೂ ಅದೇ ಸೈನು. ಎರಡು ಸಲವೂ ಪಾಪದವನು ಓದದೆಯೇ ಹಾಕಿದ್ದ.

ರದ್ದುಮಾಡಿ ಎಂದು ಖಾತೆದಾರನೇ ಬರೆದುಕೊಟ್ಟ ಮೇಲೆ ವಿಮೆಯ ರಕ್ಷಣೆ ಆ ದಿನವೇ ನಿಂತುಹೋಗುತ್ತದೆ, ವಿಮೆ ಕಂಪನಿಯವರು ಒಪ್ಪುವುದಿಲ್ಲ ಎಂದು ಅವರು ವಿವರಿಸಿದರು. ಒಪ್ಪಿಗೆ ಪತ್ರ ತೋರಿಸಿ ಎಂದು ನೀವು ಮೊದಲೆಲ್ಲ ಕೇಳುತ್ತಿದ್ದಿರಿ, ಈ ಸಲ ಕೇಳಿದ್ದರೆ ನಾನು ತರಿಸಿ ತೋರಿಸುತ್ತಿದ್ದೆ ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಜಗಳವಾದರೂ ಆಡಬಹುದಿತ್ತು.

"ಈ ಪತ್ರದಲ್ಲಿ ಹೀಗೆ ಬರೆಸಿದ್ದು ಯಾರು?" ಎಂದು ಅವಳು ಕೇಳಿದಳು. ಮ್ಯಾನೇಜರನ್ನಲ್ಲ, ನಮ್ಮನ್ನು.

"ನಾನು," ಎಂದರು ಅಕ್ಕ.

ನಾನು ಕಡತದ ದಾರ ಬಿಗಿಯುತ್ತ ನಿಂತಿದ್ದೆ. ದಾರ ಆಗಲೇ ಬಿಗಿಯಾಗಿತ್ತು.

ಅವಳು ಕೂಗಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ನೂರರ ನಾಲ್ಕು ನೋಟು, ಚಿಲ್ಲರೆ ಎಂಬತ್ತು ಎಣಿಸಿ ಮೇಜಿನ ಮೇಲಿಟ್ಟಳು. ಮನೆಯಲ್ಲಿ ಆ ದಿನ ಇದ್ದದ್ದು ಅಷ್ಟೇ ಇರಬೇಕು.

"ಈ ದುಡ್ಡು ವಾಪಸ್ ಕಟ್ಟಿಬಿಡ್ತೀನಿ ಸಾರ್. ತಗೊಂಡಿದ್ದೇ ತಪ್ಪಾಯ್ತು. ಈಗ ಕಟ್ಟಿದ್ರೆ ಆಗಲ್ವಾ?"

ಮ್ಯಾನೇಜರ್ ಕನ್ನಡಕ ತೆಗೆದು ಒರೆಸತೊಡಗಿದರು. ಅಕ್ಕನೇ ಆ ನೋಟುಗಳನ್ನು ಮಡಚಿ ಅವಳ ಕೈಗಿಟ್ಟು, ಆಗಲ್ಲಮ್ಮಾ ಎಂದರು.

ಆಮೇಲೂ ಅಕ್ಕ ಸುಮ್ಮನೆ ಕೂರಲಿಲ್ಲ. ಬ್ಯಾಂಕುಗಳ ಮೇಲಿನ ದೂರು ಕೇಳುವ ಕಚೇರಿಗೆ ಬರೆದರು, ವಿಮೆ ಕಂಪನಿಗೆ ಬರೆದರು. ಎಲ್ಲ ಪತ್ರಗಳಲ್ಲೂ ತಪ್ಪು ನನ್ನದು, ಈ ಹೆಂಗಸಿನದಲ್ಲ, ಮೂಲ ಕಾಗದ ನೋಡದೆ ರದ್ದು ಮಾಡಿಸಿದವಳು ನಾನು ಎಂಬ ಸಾಲು. ಅವುಗಳನ್ನು ಟೈಪ್ ಮಾಡಿದವನೂ ನಾನೇ. ಆ ಸಾಲು ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು. ಅಕ್ಕ ಹಿಂದೆ ನಿಂತು, ಮುಂದೆ ಹಾಕು ಎನ್ನುತ್ತಿದ್ದರು. ನೀನು ಹೇಳಿದ್ದಕ್ಕೆ ತಾನೇ ಎಂದು ಒಂದು ಸಲ, ಒಂದೇ ಒಂದು ಸಲ ಅಂದಿದ್ದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಅನ್ನಲಿಲ್ಲ. ಉತ್ತರಗಳು ಬಂದವು. ಖಾತೆದಾರರ ಸ್ವಂತ ಲಿಖಿತ ಕೋರಿಕೆಯ ಮೇರೆಗೆ ರದ್ದಾಗಿರುವುದರಿಂದ ಮನವಿಯನ್ನು ಪರಿಗಣಿಸಲು ಸಾಧ್ಯವಿಲ್ಲ. ಎರಡರಲ್ಲೂ ಹೆಚ್ಚುಕಡಿಮೆ ಅದೇ ಮಾತು.

ಎರಡನೇ ಉತ್ತರ ಬಂದ ದಿನ ಟೈಲರನ ಅತ್ತಿಗೆ ತನ್ನ ಸ್ಟೇಟ್‌ಮೆಂಟ್ ಹಿಡಿದು ಕಾದಿದ್ದಳು. ಅಕ್ಕ ಸ್ಕೇಲಿಟ್ಟರು. ಎರಡನೇ ಸಾಲಿಗೆ ಬರುವಾಗ ಸ್ಕೇಲು ಓರೆಯಾಯಿತು. ಮತ್ತೆ ಸರಿಮಾಡಿದರು, ಮತ್ತೆ ಓರೆಯಾಯಿತು. ಬೇರೆ ಯಾರಿಗಾದರೂ ತೋರಿಸಮ್ಮಾ, ನನಗೆ ಈಗ ಯಾವುದು ತಪ್ಪು ಯಾವುದು ಸರಿ ಗೊತ್ತಾಗ್ತಾ ಇಲ್ಲ ಎಂದು ಎದ್ದರು. ಮರುದಿನ ಬರಲಿಲ್ಲ. ನಾನು ಮನೆಗೆ ಹೋದರೆ ಒಂದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎಬ್ಬಿಸಿ ತಪ್ಪು ನನ್ನದೆಂದು ಹೇಳಬೇಕೆಂದು ಹೋದವನು ಹಣ್ಣಿನ ಚೀಲವನ್ನು ಬಾಗಿಲ ಬಳಿ ಇಟ್ಟು ಹಿಂದಿರುಗಿದೆ. ಹೀಗೆ ಮೂರು ಸಲ ಹೋದೆ. ಮೂರು ಸಲವೂ ಹಣ್ಣು ಮಾತ್ರ ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. ಚಳಿಗಾಲದಲ್ಲಿ ಅವರು ತೀರಿಕೊಂಡರು. ಎದೆಗೆ ಕಫ ಕಟ್ಟಿತ್ತು ಎಂದು ಡಾಕ್ಟರು ಬರೆದರು. ಅವರ ಖಾತೆಯಲ್ಲಿ ಉಳಿದ ಅಷ್ಟಿಷ್ಟನ್ನು ಪೇಂಟರನ ಮಕ್ಕಳ ಹೆಸರಿಗೆ ಮೊದಲೇ ನಾಮಿನಿ ಮಾಡಿಸಿದ್ದರು. ಅದು ಎರಡು ಲಕ್ಷದ ಹತ್ತಿರಕ್ಕೂ ಬರಲಿಲ್ಲ. ದೊಡ್ಡ ಹುಡುಗಿ ಈಗ ತಾಯಿಯ ಜೊತೆ ನೆಲ ಒರೆಸಲು ಹೋಗುತ್ತಾಳೆ.

ಹೋದ ವಾರ ಆ ತಾಯಿ ನನ್ನ ಅಂಗಡಿಗೆ ಬಂದಿದ್ದಳು, ವಿಧವಾ ವೇತನದ ಅರ್ಜಿಗೆ ಆರು ಪ್ರತಿ ಬೇಕಿತ್ತು. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಎಂದೂ ತೆಗೆದುಕೊಳ್ಳುವುದಿಲ್ಲ. ಅವಳು ಕಾಗದಗಳನ್ನು ಎದೆಗೊತ್ತಿಕೊಂಡು ಮೂಲೆಯ ಕುರ್ಚಿಯನ್ನು, ಅದರ ಮೇಲಿದ್ದ ಬಂಡಲುಗಳನ್ನು ನೋಡಿದಳು.

"ನೀವೊಬ್ಬರು ಒಳ್ಳೆಯವರು ಅಣ್ಣಾ," ಎಂದಳು. "ಸತ್ತವರ ಬಗ್ಗೆ ಆಡಬಾರದು. ಆದ್ರೂ ಆ ಹೆಂಗಸು ನನ್ನ ಮನೆ ಮುಳುಗಿಸಿಬಿಟ್ಟಳು. ಅಲ್ವಾ?"

ಯಂತ್ರದಿಂದ ಕೊನೆಯ ಪ್ರತಿ ಹೊರಗೆ ಬರುತ್ತಿತ್ತು. ಅದನ್ನು ತೆಗೆದು ಅವಳ ಕೈಗೆ ಕೊಡುತ್ತ ನಾನು ಹೌದೆಂದು ತಲೆಯಾಡಿಸಿದೆ.